25ರ ಟೈಮ್‌ಲೈನ್‌ನಾಗ 30, 60ರ ಕ್ಲಿಪ್: ಪ್ಯಾನ್ ಶಾಟ್ ಯಾಕ ಜರ್ಕ್ ಹೊಡಿತದ?

ಬಿದ್ರಿ_ಬೆಳಕು (ಬೀದರ್)

ನಮಸ್ಕಾರ್ರಿ ಎಲ್ಲರಿಗೂ. ಬಿದ್ರಿ ಕೆಲಸದ ಮ್ಯಾಗ 22 ನಿಮಿಷದ ಒಂದು ಚಿತ್ರ ಎಡಿಟ್ ಮಾಡ್ಲಿಕತ್ತೀನಿ. ಡಾವಿಂಚಿ ರಿಸಾಲ್ವ್, ಟೈಮ್‌ಲೈನ್ ಸೆಕೆಂಡಿಗೆ 25 ಫ್ರೇಮ್. ನನ್ನ ಹತ್ರ ನಾಲ್ಕು ಥರದ ಕ್ಲಿಪ್ ಅದಾವ.

ಕುಶಲಕರ್ಮಿಯ ಮಾತು ಮೇನ್ ಕ್ಯಾಮೆರಾದಾಗ 25ರಲ್ಲಿ ಅದ. ಅದೇ ಮಾತು ಪಕ್ಕದಿಂದ ಮೊಬೈಲ್‌ನಾಗ 30ರಲ್ಲಿ, 38 ನಿಮಿಷ ಎಲ್ಲೂ ನಿಲ್ಲಿಸದೆ ತೆಗೆದದ್ದು. ಕೋಟೆ ಗೋಡೆಯ ಪ್ಯಾನ್ ಶಾಟ್‌ಗಳು ಗಿಂಬಲ್ ಮ್ಯಾಗ 29.97. ಉಳಿ ಹೊಡೆಯೋದು, ಬೆಳ್ಳಿ ತಂತಿ ಕೂರಿಸೋದು ಇವು 59.94ರಲ್ಲಿ ಅದಾವ, ಸ್ಲೋ ಮೋಷನ್ ಸಲುವಾಗಿ.

ತೊಂದರೆ ಮೂರು. ಕೋಟೆ ಪ್ಯಾನ್ ಸಣ್ಣಗೆ ಎತ್ತಿ ಹಾಕಿದಂಗ ಓಡ್ತದ. ಉಳಿಯ ಶಾಟ್ 50% ಸ್ಪೀಡ್ ಕೊಟ್ಟೀನಿ, 60ರಲ್ಲಿ ತೆಗೆದಿದ್ರೂ ಅದೂ ಜರ್ಕ್ ಹೊಡಿತದ. ಮೊಬೈಲ್ ಕ್ಲಿಪ್ ಶುರುವಿನಾಗ ಸಿಂಕ್ ಇದ್ದದ್ದು ನಡುವ ಎಲ್ಲೋ ತಪ್ಪಿ ಹೋಗ್ತದ. ಎಲ್ಲಾ ಬಿಟ್ಟು ಟೈಮ್‌ಲೈನ್ 30 ಮಾಡ್ಲೇನು?

ಮಲ್ಲು_ಸುರಪುರ

ಇದು ಶಟರ್ ತೊಂದರೆ ಅಣ್ಣಾ. ನಮ್ಮ ಕಡೆ ಕರೆಂಟ್ 50 ಹರ್ಟ್ಸ್. 30ರಾಗ ಶೂಟ್ ಮಾಡಿದ್ರ ಮೊಬೈಲ್ ತಾನೇ 1/60 ಶಟರ್ ಹಾಕ್ತದ, ಟ್ಯೂಬ್‌ಲೈಟ್ ಕೆಳಗ ಪಟ್ಟಿ ಪಟ್ಟಿ ಓಡ್ತಾವ. 1/50 ಇಡ್ರಿ, ಎಲ್ಲಾ ಸರಿ ಹೋಗ್ತದ.

ಬಿದ್ರಿ_ಬೆಳಕು

ಇಲ್ಲ ಮಲ್ಲು, ಪಟ್ಟಿ ಇಲ್ಲ, ಬೆಳಕು ಮಿನುಗೋದೂ ಇಲ್ಲ. ಕೋಟೆ ಶಾಟ್ ಮಧ್ಯಾಹ್ನದ ಬಿಸಿಲಿನಾಗ ತೆಗೆದದ್ದು, ಅಲ್ಲಿ ಟ್ಯೂಬ್‌ಲೈಟೇ ಇಲ್ಲ. ಚಲನೆಯೇ ಕುಲುಕ್ತದ.

ರೈಚೂರ್_ಕಡೆಯವ (ಯಾದಗಿರಿ)

ಟೈಮ್‌ಲೈನ್ 60 ಮಾಡಿ ಕೂಡ್ರಿ. ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಇಟ್ಟರ ಯಾವ ಕ್ಲಿಪ್‌ನಿಂದಲೂ ಒಂದು ಫ್ರೇಮ್ ಸಹ ಕಳೆದು ಹೋಗಂಗಿಲ್ಲ. ಕಳೆದು ಹೋಗದಿದ್ರ ಜರ್ಕ್ ಎಲ್ಲಿಂದ ಬರಬೇಕು?

ತೊಗರಿನಾಡು_ಎಡಿಟರ್ (ಕಲಬುರಗಿ)

ಮೂರೂ ತೊಂದರೆ ಬೇರೆ ಬೇರೆ, ಮದ್ದೂ ಬೇರೆ ಬೇರೆ. ಮೊದಲು ಪ್ಯಾನ್ ಶಾಟ್ ನೋಡೋಣ, ಯಾಕಂದ್ರೆ ಅದು ಅರ್ಥ ಆದರೆ ಸ್ಲೋ ಮೋಷನ್‌ದೂ ಅರ್ಥ ಆಗ್ತದೆ.

30 ಫ್ರೇಮಿನ ಕ್ಲಿಪ್ಪನ್ನು 25ರ ಟೈಮ್‌ಲೈನ್‌ಗೆ ಎಳೆದು ಹಾಕಿದಾಗ ಸಾಫ್ಟ್‌ವೇರ್ ವೇಗ ಬದಲಿಸುವುದಿಲ್ಲ. ಒಂದು ಸೆಕೆಂಡಿನ ಕ್ಲಿಪ್ ಒಂದೇ ಸೆಕೆಂಡ್ ಓಡಬೇಕು ಅನ್ನೋದು ಅದರ ಲೆಕ್ಕ. ಹಾಗಾಗಬೇಕಾದರೆ ಪ್ರತಿ ಆರು ಫ್ರೇಮಿಗೆ ಒಂದನ್ನು ಬಿಸಾಡಲೇಬೇಕು. ಗೋಡೆ ಪ್ರತಿ ಫ್ರೇಮಿಗೆ 10 ಪಿಕ್ಸೆಲ್ ಸರಿಯುತ್ತಿದೆ ಅಂತ ಇಟ್ಟುಕೊಳ್ಳಿ. ಪರದೆಯ ಮೇಲೆ ಅದು 10, 10, 10, 10, ಆಮೇಲೆ ಒಮ್ಮೆಲೇ 20 ಸರಿಯುತ್ತದೆ. ಸೆಕೆಂಡಿಗೆ ಐದು ಸಲ ಈ ಜಿಗಿತ. ಕಣ್ಣು ಗೋಡೆಯ ಜೊತೆಗೇ ಸಮನಾಗಿ ಸರಿಯುತ್ತಿರುತ್ತದೆ, ಹಾಗಾಗಿ ಆ 20 ಚುಚ್ಚುತ್ತದೆ. ನಿಮ್ಮದು 29.97 ಆದ್ದರಿಂದ ಸೆಕೆಂಡಿಗೆ ಐದಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಕಣ್ಣಿಗೆ ವ್ಯತ್ಯಾಸ ಇಲ್ಲ.

ಈಗ ಕ್ಲಿಪ್‌ಗಳನ್ನು ಫ್ರೇಮ್ ರೇಟ್ ನೋಡಿ ವಿಂಗಡಿಸಬೇಡಿ. ದನಿ ನೋಡಿ ವಿಂಗಡಿಸಿ. ತುಟಿಗೋ, ಸುತ್ತಿಗೆ ಪೆಟ್ಟಿಗೋ ದನಿ ಕೂಡಬೇಕಾದ ಕ್ಲಿಪ್ ಅಸಲು ವೇಗದಲ್ಲೇ ಓಡಬೇಕು, ಅಲ್ಲಿ ಆಯ್ಕೆ ಇಲ್ಲ. ದನಿ ಬೇಡದ ಕ್ಲಿಪ್‌ಗೆ ಅಂಥ ಕಟ್ಟು ಇಲ್ಲ. ಕೋಟೆ ಗೋಡೆ ಸ್ವಲ್ಪ ನಿಧಾನ ಸರಿದರೆ ಯಾರಿಗೂ ತಿಳಿಯುವುದಿಲ್ಲ. ಅಂಥ ಕ್ಲಿಪ್ಪಿನ 30 ಫ್ರೇಮುಗಳಲ್ಲಿ ಒಂದನ್ನೂ ಬಿಡದೆ ಸೆಕೆಂಡಿಗೆ 25ರಂತೆ ಸಾಲಾಗಿ ತೋರಿಸಿದರೆ ಜಿಗಿತದ ಮೂಲವೇ ಹೋಯಿತು. ಕ್ಲಿಪ್ 83.42% ವೇಗದಲ್ಲಿ ಓಡುತ್ತದೆ, 10 ಸೆಕೆಂಡಿನದು ಹತ್ತಿರ ಹತ್ತಿರ 12 ಸೆಕೆಂಡ್ ಆಗುತ್ತದೆ.

ಮಾಡುವ ರೀತಿ: ಮೀಡಿಯಾ ಪೂಲ್‌ನಲ್ಲಿ ಪ್ಯಾನ್ ಕ್ಲಿಪ್‌ಗಳನ್ನು ಆರಿಸಿ, ಬಲ ಕ್ಲಿಕ್, `Clip Attributes`, ಅಲ್ಲಿ `Video Frame Rate` 25 ಮಾಡಿ. ಪ್ರೀಮಿಯರ್‌ನವರಿಗೆ ಇದೇ ಕೆಲಸ `Interpret Footage` ಒಳಗಿನ `Assume this frame rate`. ಇದನ್ನು ಕತ್ತರಿಸುವ ಮೊದಲೇ ಮಾಡಬೇಕು. ಆಗಲೇ ಕತ್ತರಿಸಿ ಕೂರಿಸಿದ ಕ್ಲಿಪ್ಪಿನ ರೇಟ್ ಬದಲಿಸಿದರೆ ಕಟ್ ಆದ ಜಾಗ ಸರಿಯಬಹುದು.

ಸ್ಲೋ ಮೋಷನ್‌ದು ಇದೇ ರೋಗ, ವೇಷ ಮಾತ್ರ ಬೇರೆ. 59.94ರ ಅರ್ಧ 29.97. ಅಂದರೆ 50% ಕೊಟ್ಟ ಕೂಡಲೇ ನಿಮ್ಮ ಉಳಿಯ ಶಾಟ್ 30ರ ಕ್ಲಿಪ್ ಆಗಿ ಕೂತಿತು, ಮತ್ತೆ ಆರಕ್ಕೊಂದು ಫ್ರೇಮ್ ಹಾರಿತು. 50% ಅನ್ನೋ ಅಂಕಿ 50ರಲ್ಲಿ ತೆಗೆದವರಿಗೆ ಸರಿ, 60ರಲ್ಲಿ ತೆಗೆದವರಿಗಲ್ಲ. ನಿಮಗೆ ಬೇಕಾದದ್ದು 25ನ್ನು 59.94ರಿಂದ ಭಾಗಿಸಿದರೆ ಬರುವ 41.71%. ಇನ್ನಷ್ಟು ವೇಗ ಬೇಕಾದರೆ ಅದರ ಎರಡರಷ್ಟು 83.42% ಕೊಡಿ, ಒಂದು ಬಿಟ್ಟು ಒಂದು ಫ್ರೇಮ್ ಬರುತ್ತದೆ, ಹೆಜ್ಜೆ ಸಮ. ನಡುವಿನ 60, 70 ಅಂತ ಬಾಯಿಗೆ ಬಂದ ಅಂಕಿ ಕೊಟ್ಟರೆ ಹೆಜ್ಜೆ ತಪ್ಪಿತು.

ರೈಚೂರ್_ಕಡೆಯವ

ಮತ್ತ ನನ್ನ 60ರ ಮಾತಿಗೆ ಉತ್ತರ ಕೊಡಲಿಲ್ಲ ಸರ್.

ತೊಗರಿನಾಡು_ಎಡಿಟರ್

ನಿಮ್ಮ ಮಾತು ಅರ್ಧ ಖರೇ ಇದೆ. 59.94ರ ಟೈಮ್‌ಲೈನ್‌ನಲ್ಲಿ 29.97 ಕ್ಲಿಪ್ಪಿನ ಪ್ರತಿ ಫ್ರೇಮ್ ಎರಡೆರಡು ಸಲ ನಿಲ್ಲುತ್ತದೆ, ಅಲ್ಲಿ ಜರ್ಕ್ ಇಲ್ಲ. ಆದರೆ 25ರ ಫ್ರೇಮ್ 2.4 ಸಲ ನಿಲ್ಲಲು ಬರುವುದಿಲ್ಲ. ಒಂದು ಎರಡು ಸಲ, ಮುಂದಿನದು ಮೂರು ಸಲ, ಹೀಗೆ ಏರುಪೇರು. ಫ್ರೇಮ್ ಕಳೆದರೆ ಮಾತ್ರ ಜರ್ಕ್ ಅನ್ನೋದು ತಪ್ಪು ತಿಳುವಳಿಕೆ. ಒಂದು ಫ್ರೇಮ್ ಪಕ್ಕದ ಫ್ರೇಮಿಗಿಂತ ಹೆಚ್ಚು ಹೊತ್ತು ನಿಂತರೂ ಜರ್ಕೇ.

60 ಹರ್ಟ್ಸ್ ಮೊಬೈಲ್, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ನೋಡುವ ವಿಡಿಯೋ ಆದರೆ ನಿಮ್ಮ ದಾರಿಯಿಂದ ಹೊಸ ಕೇಡು ಆಗುವುದಿಲ್ಲ, 25ನ್ನು ಆ ಪರದೆ ಹೇಗೂ 2-3 ಮಾಡಿಯೇ ತೋರಿಸುತ್ತದೆ. ಆದರೆ ಅದೇ ಫೈಲ್ 50 ಹರ್ಟ್ಸ್‌ನಲ್ಲಿ ಓಡುವ ಟಿವಿಗೆ ಹೋದರೆ ಎಲ್ಲವೂ ಎರಡನೇ ಸಲ ಮುರಿಯುತ್ತದೆ.

ಬಿದ್ರಿ ಅವರ ಚಿತ್ರದ ಬೆನ್ನೆಲುಬು ಮಾತು, ಅದು 25ರಲ್ಲಿದೆ. ಅದನ್ನು ಮುಟ್ಟದಿರುವುದೇ ಒಳ್ಳೆಯದು. ಮಾತೆಲ್ಲ 30ರಲ್ಲಿ ಇದ್ದಿದ್ದರೆ ನಾನೇ 30 ಮಾಡಿ ಅನ್ನುತ್ತಿದ್ದೆ.

ಹುಮನಾಬಾದ್_ಗಗನ

ಇಷ್ಟೆಲ್ಲಾ ಲೆಕ್ಕ ಯಾಕ್ರಿ? `Retime Process` ಅನ್ನು `Optical Flow` ಮಾಡಿದ್ರ ನಡುವಿನ ಫ್ರೇಮು ಸಾಫ್ಟ್‌ವೇರೇ ಹುಟ್ಟಿಸ್ತದ. ನಾನು ಡ್ರೋನ್ ಶಾಟ್‌ಗೆಲ್ಲಾ ಅದನ್ನೇ ಹಾಕ್ತೀನಿ. ವೇಗನೂ ಬದಲಾಗಂಗಿಲ್ಲ.

ತೊಗರಿನಾಡು_ಎಡಿಟರ್

ಡ್ರೋನ್‌ಗೆ ಒಪ್ಪುತ್ತೇನೆ. ಹೊಲ, ಕೆರೆ, ದೂರದ ಊರು ಎಲ್ಲ ಒಂದೇ ದಿಕ್ಕಿಗೆ ಮೆಲ್ಲಗೆ ಸರಿಯುತ್ತವೆ, ಯಾವ ಚುಕ್ಕೆ ಎಲ್ಲಿಗೆ ಹೋಯಿತು ಅನ್ನೋದು ಅದಕ್ಕೆ ಸಿಗುತ್ತದೆ.

ಆದರೆ ಕೋಟೆ ಗೋಡೆಯ ಮೇಲಿನ ತೆನೆಗಳನ್ನು ನೋಡಿ, ಒಂದರಂತೆ ಒಂದು ಸಾಲಾಗಿ ಇವೆ. ಪ್ಯಾನ್ ಜೋರಾಗಿದ್ದರೆ ಈ ತೆನೆ ಮುಂದಿನ ಫ್ರೇಮಿನಲ್ಲಿ ಯಾವುದು ಅನ್ನೋದೇ ಸಾಫ್ಟ್‌ವೇರ್‌ಗೆ ಗೊಂದಲ. ಪಕ್ಕದ ತೆನೆಯನ್ನು ಇದೇ ಅಂದುಕೊಂಡರೆ ಗೋಡೆಯ ಅಂಚು ನೀರಿನಲ್ಲಿ ಕಂಡ ಹಾಗೆ ಅಲುಗುತ್ತದೆ. ಮುಂದೆ ಒಂದು ಕಂಬವೋ ಮರದ ಕೊಂಬೆಯೋ ಅಡ್ಡ ಬಂದರೆ ಅದರ ಸುತ್ತ ಹಿನ್ನೆಲೆ ಎಳೆದು ಬರುತ್ತದೆ. ಬಿದ್ರಿ ಹೂಜಿಯ ಮೇಲಿನ ಬೆಳ್ಳಿ ಬಳ್ಳಿಯಲ್ಲಂತೂ ಇನ್ನೂ ಕಷ್ಟ: ಕಪ್ಪಿನ ಮೇಲೆ ಸಣ್ಣ ಬಿಳಿ ಗೆರೆ, ಎಲ್ಲಾ ಕಡೆ ಅದೇ ಚಿತ್ತಾರ, ಮೇಲಿಂದ ಬೆಳಕಿನ ಹೊಳಪು ಬೇರೆ ಜಾರುತ್ತಿರುತ್ತದೆ.

ಹಾಗಾಗಿ ವೇಗ ಬಿಟ್ಟುಕೊಡಬಹುದಾದ ಕಡೆ ಅಸಲು ಫ್ರೇಮುಗಳನ್ನೇ ತೋರಿಸಬೇಕು ಅನ್ನೋದು ನನ್ನ ಪಟ್ಟು. ವೇಗ ಬಿಡಲು ಬರದಿದ್ದಾಗ, ಕ್ಯಾಮೆರಾನೂ ಚಲಿಸುತ್ತಿದ್ದರೆ, ಆಗ ಆಪ್ಟಿಕಲ್ ಫ್ಲೋ. ಹಾಕಿದ ಮೇಲೆ ವಸ್ತುಗಳ ಅಂಚನ್ನು ಒಂದೊಂದೇ ಫ್ರೇಮ್ ನಡೆಸಿ ನೋಡಬೇಕು. ಓಡಿಸಿ ನೋಡಿದರೆ ಅರ್ಧ ತಪ್ಪು ಕಣ್ತಪ್ಪಿಸುತ್ತವೆ.

ಹುಮನಾಬಾದ್_ಗಗನ

ಅಂಚು ಅಲುಗೋದು ಹೌದು, ಆದ್ರ ಮೋಷನ್ ಎಸ್ಟಿಮೇಶನ್ `Enhanced Better` ಇಟ್ಟರ ಭಾಳ ಕಮ್ಮಿ ಆಗ್ತದ. ನನಗೇನೋ ಕೋಟೆ ಗೋಡೆ ವೇಗ ಕಡಿಮೆ ಮಾಡೋದಕ್ಕಿಂತ ಅದೇ ಚಂದ ಕಾಣ್ತದ. ಗಾಳಿಗೆ ಬಾವುಟ, ಹಕ್ಕಿ ಇದ್ದಾಗ 83% ಅಂದ್ರ ಎದ್ದು ಕಾಣ್ತದಲ್ರಿ.

ತೊಗರಿನಾಡು_ಎಡಿಟರ್

ಹಕ್ಕಿ, ನಡೆದು ಹೋಗುವ ಜನ ಇದ್ದರೆ ನಿಮ್ಮ ಮಾತು ಸರಿ. ನಡಿಗೆ 83%ಗೆ ಇಳಿದರೆ ಸ್ವಲ್ಪ ತೇಲಿದ ಹಾಗೆ ಕಾಣುತ್ತದೆ. ಖಾಲಿ ಗೋಡೆಗೆ ಮಾತ್ರ ನನ್ನ ಮಾತು ಉಳಿಯಲಿ.

ಶಹಾಪುರ_ಆಡಿಯೋ

ಮೊಬೈಲ್ ಕ್ಲಿಪ್ಪಿನ ಬಗ್ಗೆ ಯಾರೂ ಮಾತಾಡಿಲ್ಲ. ಬಿದ್ರಿ ಅಣ್ಣಾ, ಸಿಂಕ್ ಹೆಂಗ ತಪ್ಪತದ ಅನ್ನೋದನ್ನ ಮೊದಲು ಅಳೀರಿ. ನಿಮ್ಮ ಕ್ಲಿಪ್ಪಿನಾಗ ಸುತ್ತಿಗೆ ಪೆಟ್ಟು ಅದಾವಲ್ಲ, ಕ್ಲಾಪ್‌ಗಿಂತ ಒಳ್ಳೇ ಗುರುತು ಅವು. ಮೇನ್ ಕ್ಯಾಮೆರಾದ ದನಿ ಇಟ್ಟುಕೊಂಡು ಮೊಬೈಲ್ ಚಿತ್ರದಾಗ ಸುತ್ತಿಗೆ ಉಳಿಗೆ ತಾಗೋ ಫ್ರೇಮ್ ಹುಡುಕ್ರಿ. ಶುರುವಿನಾಗ, 10ನೇ ನಿಮಿಷಕ್ಕ, 20ಕ್ಕ, ಕೊನೆಗೆ, ನಾಲ್ಕು ಕಡೆ ಎಷ್ಟು ಫ್ರೇಮ್ ವ್ಯತ್ಯಾಸ ಅಂತ ಬರೀರಿ.

ನಾಲ್ಕೂ ಕಡೆ ಒಂದೇ ಅಂಕಿ ಬಂದ್ರ ಕ್ಲಿಪ್ ಇಟ್ಟ ಜಾಗ ತಪ್ಪು, ಸರಿಸಿದ್ರ ಮುಗೀತು. ಅಂಕಿ ಸಮನಾಗಿ ಬೆಳೀತಾ ಹೋದ್ರ ರೇಟ್ ತಪ್ಪಾಗಿ ಓದಿದಂಗ, ಇಲ್ಲಾ ಎರಡು ಯಂತ್ರದ ಗಡಿಯಾರ ಬೇರೆ. 30ನ್ನ 29.97 ಅಂತ ಓದಿದ್ರ ನಿಮಿಷಕ್ಕ 60 ಮಿಲಿಸೆಕೆಂಡ್ ಹೋಗ್ತದ, 10 ನಿಮಿಷಕ್ಕ 15 ಫ್ರೇಮು. ಅಂಕಿ ಒಮ್ಮೆ ಬೆಳೆದು, ಒಮ್ಮೆ ನಿಂತು, ಒಮ್ಮೆ ಇಳಿದ್ರ ಮೊಬೈಲ್ ಫ್ರೇಮ್ ರೇಟೇ ಸ್ಥಿರ ಇಲ್ಲ ಅಂತ ತಿಳೀರಿ. ಮೀಡಿಯಾಇನ್ಫೋದಾಗ ತೆಗೆದು `Frame rate mode` ಏನಿದೆ ಹೇಳ್ರಿ.

ಬಿದ್ರಿ_ಬೆಳಕು

ಅಳದೆ. ಶುರುವಿಗೆ 0, 10ಕ್ಕೆ 2, 20ಕ್ಕೆ 9, ಕೊನೆಗೆ 6 ಫ್ರೇಮ್. ಮೀಡಿಯಾಇನ್ಫೋದಾಗ `Frame rate mode: Variable` ಅಂತ ಬಂತು. ಸರಾಸರಿ 29.87, ಕನಿಷ್ಠ 24ರ ಹತ್ರ ತೋರಿಸ್ತದ.

ಶಹಾಪುರ_ಆಡಿಯೋ

ಆಯ್ತು, ಸಿಕ್ತು. ಒಳಗ ಬೆಳಕು ಕಡಿಮೆ ಆದಾಗ, ಮೊಬೈಲ್ ಬಿಸಿ ಆದಾಗ ಅದು ಫ್ರೇಮ್ ತೆಗೆಯೋ ಅಂತರ ಹಿಗ್ಗಿಸ್ತದ. ಯಾವ ಫ್ರೇಮ್ ಯಾವ ಹೊತ್ತಿಗೆ ಅನ್ನೋದು ಫೈಲ್ ಒಳಗ ಸರಿಯಾಗೇ ಬರೆದಿರ್ತದ. ಪ್ಲೇಯರ್ ಅದನ್ನ ಓದಿ ಸರಿ ತೋರಿಸ್ತದ, ಅದಕ್ಕೇ ಮೊಬೈಲ್‌ನಾಗ ನೋಡಿದ್ರ ತಪ್ಪು ಕಾಣಂಗಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲಾ ಫ್ರೇಮ್ ಒಂದೇ ಅಂತರದಾಗ ಅದಾವ ಅಂದುಕೊಂಡ್ರ ಚಿತ್ರ ಒಂದು ಕಡೆ, ದನಿ ಒಂದು ಕಡೆ.

ಟೈಮ್‌ಲೈನ್‌ಗೆ ತರೋ ಮೊದಲು ಸ್ಥಿರ ರೇಟಿಗೆ ಬದಲಿಸ್ರಿ:

```
ffmpeg -i mobile.mp4 -vf fps=30 -c:v libx264 -crf 16 -c:a pcm_s16le mobile_30.mov
```

`fps=30` ಆ ಹೊತ್ತಿನ ಗುರುತು ನೋಡಿಯೇ ಕೆಲಸ ಮಾಡ್ತದ. ಖಾಲಿ ಇದ್ದಲ್ಲಿ ಹಿಂದಿನ ಫ್ರೇಮನ್ನ ಇನ್ನೊಮ್ಮೆ ಇಡ್ತದ, ಜಾಸ್ತಿ ಆದಲ್ಲಿ ತೆಗೀತದ, ದನಿ ಮುಟ್ಟಂಗಿಲ್ಲ.

ಮಲ್ಲು_ಸುರಪುರ

ಅಲ್ಲೇ `fps=25` ಅಂತ ಕೊಟ್ಟು ನೇರ 25ಕ್ಕೇ ತಂದ್ರ ಒಂದು ಕೆಲಸ ಉಳೀತದಲ್ಲ ಅಣ್ಣಾ?

ಶಹಾಪುರ_ಆಡಿಯೋ

ಸಿಂಕ್ ಮಟ್ಟಿಗೆ ಅದೂ ಸರಿನೇ ತಮ್ಮಾ. ಆದ್ರ ಬಿಸಾಡಿದ ಫ್ರೇಮ್ ಫೈಲ್‌ನಾಗ ಇರಂಗಿಲ್ಲ. ನಾಳೆ ಯಾವುದೋ ಒಂದು ತುಣುಕು ನಿಧಾನ ಮಾಡಬೇಕು ಅನಿಸಿದ್ರ, ಇಲ್ಲಾ ಆಪ್ಟಿಕಲ್ ಫ್ಲೋ ಹಾಕಬೇಕಾದ್ರ, 30 ಇದ್ದರ ಅನುಕೂಲ. ಜಾಗ ಇದ್ರ 30ರಲ್ಲೇ ಇಡು.

ತೊಗರಿನಾಡು_ಎಡಿಟರ್

ಶಹಾಪುರ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಈ ಮೊಬೈಲ್ ಕ್ಲಿಪ್‌ಗೆ `Clip Attributes` ಮುಟ್ಟಬೇಡಿ, ಅದು ಮಾತಿನ ಕ್ಲಿಪ್. ಅಲ್ಲಿ 25 ಕೊಟ್ಟರೆ 38 ನಿಮಿಷದ್ದು 45 ನಿಮಿಷ 36 ಸೆಕೆಂಡ್ ಆಗಿ ಕೂರುತ್ತದೆ. ಯಾವ ಕ್ಲಿಪ್ಪಿನ ವೇಗ ತಪ್ಪಿದೆ ಅಂತ ಸಂಶಯ ಬಂದಾಗಲೂ ಇದೇ ಪರೀಕ್ಷೆ: ಫೈಲಿನ ಅಸಲು ಉದ್ದ, ಟೈಮ್‌ಲೈನ್ ಮೇಲಿನ ಉದ್ದ ಎರಡೂ ನೋಡಿ. 10 ನಿಮಿಷದ್ದು 12 ನಿಮಿಷ ಆಗಿದ್ದರೆ ಯಾರೋ 30ನ್ನು 25 ಅಂತ ಓದಿಸಿದ್ದಾರೆ.

ಇನ್ನು ಆರಕ್ಕೊಂದು ಫ್ರೇಮ್ ಇಲ್ಲೂ ಹೋಗುತ್ತದೆ. ಹೋಗಲಿ. ಕ್ಯಾಮೆರಾ ಸ್ಟ್ಯಾಂಡ್ ಮೇಲೆ ನಿಂತಿದೆ, ಕೂತ ಮನುಷ್ಯ ಮಾತಾಡುತ್ತಿದ್ದಾನೆ, ಹಿನ್ನೆಲೆ ಅಲುಗುವುದಿಲ್ಲ. `Retime Process` ಅನ್ನು `Nearest` ಇಡಿ. `Frame Blend` ಹಾಕಿದರೆ ಎತ್ತಿದ ಸುತ್ತಿಗೆ ಎರಡಾಗಿ ಕಾಣುತ್ತದೆ, ಆಪ್ಟಿಕಲ್ ಫ್ಲೋ ಹಾಕಿದರೆ ಕೈ ಮುಖದ ಮುಂದೆ ಹಾಯುವಾಗ ಬೆರಳು ಕರಗುತ್ತವೆ. ಎರಡೂ ಆ ಸಣ್ಣ ಜಿಗಿತಕ್ಕಿಂತ ಕೆಟ್ಟವು.

ಆಳಂದ_ಸಂಗ್ರಹ

ನನ್ನದೂ ಒಂದು ಇದೇ ಥರದ ತೊಂದರೆ ಅದ್ರಿ. ಹಳೇ ಮಿನಿಡಿವಿ ಟೇಪಿನ ಮದುವೆ ವಿಡಿಯೋ 25ರ ಟೈಮ್‌ಲೈನ್‌ಗೆ ಹಾಕೀನಿ. ರೇಟ್ 25 ಅಂತಲೇ ತೋರಿಸ್ತದ, ಆದ್ರೂ ಜನ ಓಡಾಡಿದಲ್ಲಿ ಬಾಚಣಿಗೆ ಹಲ್ಲಿನಂಗ ಗೆರೆ ಬರ್ತಾವ. ಇದಕ್ಕೂ 83% ಕೊಡಬೇಕೇನು?

ತೊಗರಿನಾಡು_ಎಡಿಟರ್

ಬೇಡ ಅಕ್ಕಾರ, ನಿಮ್ಮದು ರೇಟಿನ ತೊಂದರೆ ಅಲ್ಲ, ಇಂಟರ್‌ಲೇಸ್. ಆ ಟೇಪಿನ ಒಂದು ಫ್ರೇಮಿನೊಳಗೆ ಎರಡು ಬೇರೆ ಕ್ಷಣಗಳ ಅರ್ಧರ್ಧ ಗೆರೆಗಳು ಇವೆ. ಡಿಇಂಟರ್‌ಲೇಸ್ ಮಾಡಿ:

```
ffmpeg -i tape.dv -vf bwdif=mode=send_field -c:v libx264 -crf 16 -c:a pcm_s16le tape_50.mov
```

ಇದು ಸೆಕೆಂಡಿಗೆ 50 ಪೂರ್ತಿ ಫ್ರೇಮ್ ಕೊಡುತ್ತದೆ. 25ರ ಟೈಮ್‌ಲೈನ್‌ನಲ್ಲಿ ಒಂದು ಬಿಟ್ಟು ಒಂದು ಕೂರುತ್ತದೆ, 50ರ ಟೈಮ್‌ಲೈನ್ ಮಾಡಿದರೆ ಟೇಪಿನ ಮೂಲ ನುಣುಪು ಪೂರ್ತಿ ಉಳಿಯುತ್ತದೆ. ಫಲಿತಾಂಶ ಹಿಂದೆ-ಮುಂದೆ ನಡುಗಿದರೆ ಫೀಲ್ಡ್ ಕ್ರಮ ತಿರುಗಿದೆ ಅಂತ ಅರ್ಥ, `parity=bff` ಸೇರಿಸಿ. ನಮ್ಮ ಕಡೆಯ ಮಿನಿಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ.

ಬಿದ್ರಿ_ಬೆಳಕು

ಎಲ್ಲಾ ಮಾಡಿ ಬಂದೆ. ಉಳಿಯ ಶಾಟ್ 41.71 ಕೊಟ್ಟ ಮ್ಯಾಗ ಎಣ್ಣೆ ಸುರಿದಂಗ ಓಡ್ತದ. ಮೊಬೈಲ್ ಕ್ಲಿಪ್ ಬದಲಿಸಿದ ಮ್ಯಾಗ 10ಕ್ಕೆ 1, 20ಕ್ಕೆ 2, ಕೊನೆಗೆ 3 ಫ್ರೇಮ್ ತಡ ಬರ್ತದ, ಈಗ ಸಮನಾಗಿ ಬೆಳೀತದ.

ಪ್ಯಾನ್ ಮಾತ್ರ ಪೂರ್ತಿ ಹೋಗಿಲ್ಲ. 25 ಅಂತ ಓದಿಸೀನಿ, ಉದ್ದ 12 ಸೆಕೆಂಡ್ ಆಗ್ಯಾದ, ಮೊದಲಿನ ಜಿಗಿತ ಕಮ್ಮಿ ಆಗ್ಯಾದ. ಆದ್ರೂ ಲ್ಯಾಪ್‌ಟಾಪ್‌ನಾಗ ಗೋಡೆಯ ಅಂಚು ಸಣ್ಣಗೆ ನಡುಗ್ತದ.

ಶಹಾಪುರ_ಆಡಿಯೋ

38 ನಿಮಿಷಕ್ಕ 3 ಫ್ರೇಮ್ ಅಂದ್ರ ಅದು ಗಡಿಯಾರದ ವ್ಯತ್ಯಾಸ, ಎರಡು ಬೇರೆ ಯಂತ್ರ ಇದ್ದಲ್ಲಿ ಆಗೋದೇ. ಸ್ಪೀಡ್ ಬದಲಿಸಲಿಕ್ಕೆ ಹೋಗಬ್ಯಾಡ್ರಿ. ಮೊಬೈಲ್ ದನಿ ನೀವು ಬಳಸಂಗಿಲ್ಲ, ಚಿತ್ರ ಮಾತ್ರ. ಉಳಿಯ ಶಾಟ್ ಮುಚ್ಚಿಕೊಂಡಿರೋ ಕಡೆ ಮೊಬೈಲ್ ಕ್ಲಿಪ್ಪನ್ನ ಕತ್ತರಿಸಿ, ಅಲ್ಲಿಂದ ಮುಂದಿನ ಭಾಗವನ್ನ ಒಂದು ಫ್ರೇಮ್ ಹಿಂದಕ್ಕ ಎಳೀರಿ. ಮೂರು ಕಡೆ ಹಿಂಗ ಮಾಡಿದ್ರ ಸಾಕು, ಯಾವ ಕಟ್ಟೂ ಪರದೆ ಮ್ಯಾಗ ಕಾಣಂಗಿಲ್ಲ.

ತೊಗರಿನಾಡು_ಎಡಿಟರ್

ಪ್ಯಾನ್ ಬಗ್ಗೆ: ಈಗ ತಪ್ಪು ಟೈಮ್‌ಲೈನ್‌ನಲ್ಲಿ ಇದೆಯೋ ಪರದೆಯಲ್ಲಿದೆಯೋ ಬೇರ್ಪಡಿಸಬೇಕು. ಓಡಿಸಬೇಡಿ. ಬಲ ಬಾಣದ ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ನಡೆಸಿ, ಒಂದು ತೆನೆಯ ಅಂಚಿನ ಮೇಲೆ ಕಣ್ಣಿಡಿ. 12 ಫ್ರೇಮ್ ನಡೆಸಿದರೆ ಸಾಕು. ಹಿಂದೆ ತಪ್ಪಿದ್ದಾಗ ಐದಕ್ಕೊಮ್ಮೆ ದೊಡ್ಡ ಹೆಜ್ಜೆ ಸಿಗುತ್ತಿತ್ತು. ಈಗ ಪ್ರತಿ ಒತ್ತಿಗೂ ಸಮ ಹೆಜ್ಜೆ ಸಿಕ್ಕರೆ ನಿಮ್ಮ ಎಡಿಟ್ ಸರಿ ಇದೆ.

ಆಮೇಲೂ ಓಡಿಸಿದಾಗ ನಡುಗಿದರೆ ಲ್ಯಾಪ್‌ಟಾಪ್ ಪರದೆ ಕಾರಣ. ಅದು 60 ಹರ್ಟ್ಸ್, ರೈಚೂರ್ ಕಡೆಯವರಿಗೆ ಹೇಳಿದ ಅದೇ 2-3 ಏರುಪೇರು ಅಲ್ಲಿ ನಡೆಯುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 50 ಹರ್ಟ್ಸ್ ಇದ್ದರೆ ಅದಕ್ಕೆ ಬದಲಿಸಿ, ಇಲ್ಲವೇ ಎಚ್‌ಡಿಎಂಐ ಹಾಕಿ ಟಿವಿಯನ್ನು 50ರಲ್ಲಿ ಓಡಿಸಿ ನೋಡಿ. ಈ ಪರೀಕ್ಷೆ ಮಾಡದೆ ಇಲ್ಲದ ತಪ್ಪನ್ನು ಸರಿ ಮಾಡಲು ಹೋಗಿ ಒಳ್ಳೆಯ ಶಾಟ್‌ಗೆ ಆಪ್ಟಿಕಲ್ ಫ್ಲೋ ಹಚ್ಚಿ ಕೆಡಿಸುವುದು ಬಹಳ ನಡೆಯುತ್ತದೆ, ಅದು ನನಗೆ ಸಂಕಟ.

ಇನ್ನೊಂದು ಕಾರಣ ಶೂಟಿಂಗ್‌ನಲ್ಲೇ ಇರಬಹುದು. ಮಧ್ಯಾಹ್ನದ ಬಿಸಿಲು ಅಂದಿರಿ. ಎನ್‌ಡಿ ಫಿಲ್ಟರ್ ಇತ್ತಾ? ಶಟರ್ ಎಷ್ಟು?

ಬಿದ್ರಿ_ಬೆಳಕು

ಎನ್‌ಡಿ ಇರಲಿಲ್ಲ. ಶಟರ್ 1/1000. ಬಾಣದ ಕೀ ಒತ್ತಿ ನೋಡಿದೆ, ಹೆಜ್ಜೆ ಸಮ ಅದ.

ತೊಗರಿನಾಡು_ಎಡಿಟರ್

ಹಾಗಾದರೆ ಟೈಮ್‌ಲೈನ್ ಸರಿ. 1/1000ರಲ್ಲಿ ಪ್ರತಿ ಫ್ರೇಮ್ ಚಾಕುವಿನಿಂದ ಕೊರೆದ ಹಾಗೆ ಚೂಪು, ಚಲನೆಯ ಮಸುಕೇ ಇಲ್ಲ. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಸೇತುವೆ ಇಲ್ಲದ ಕಾರಣ ಕಣ್ಣಿಗೆ ಬಿಡಿ ಬಿಡಿ ಚಿತ್ರ ಕಾಣುತ್ತದೆ. ಮಲ್ಲು ಶಟರ್ ಅಂದದ್ದು ಬೇರೆ ಕಾರಣಕ್ಕಾದರೂ ಇಲ್ಲಿಗೆ ಬಂದು ಕೂತಿತು. ಇದನ್ನು ಫ್ರೇಮ್ ರೇಟಿನ ಲೆಕ್ಕದಿಂದ ಸರಿಪಡಿಸಲು ಬರುವುದಿಲ್ಲ. ಮೋಷನ್ ಬ್ಲರ್ ಇಫೆಕ್ಟ್ ಸ್ವಲ್ಪ ಹಾಕಿ ನೋಡಬಹುದು, ಅಂಚುಗಳನ್ನು ಪರೀಕ್ಷಿಸಿ.

ಪ್ಯಾನ್ ವೇಗವನ್ನೂ ನೋಡಿ. ಒಂದು ತೆನೆ ಪರದೆಯ ಈ ಅಂಚಿನಿಂದ ಆ ಅಂಚಿಗೆ ಹೋಗಲು 7 ಸೆಕೆಂಡಿಗಿಂತ ಕಡಿಮೆ ತೆಗೆದುಕೊಂಡರೆ 24, 25ರಲ್ಲಿ ಎಷ್ಟೇ ಸರಿ ಇದ್ದರೂ ಮಿಟುಕಿದ ಹಾಗೆ ಕಾಣುವುದು ಕ್ಯಾಮೆರಾದವರ ಹಳೆಯ ಅಳತೆ.

ಮಲ್ಲು_ಸುರಪುರ

ಮೊಬೈಲ್‌ನಾಗ 30 ಇಟ್ಟು 1/50 ಇಟ್ಟರ ಟ್ಯೂಬ್‌ಲೈಟ್ ಕೆಳಗೂ ನಡೀತದಾ ಹಂಗಾರ? ಇಲ್ಲಾ 25 ಬೇಕೇ ಬೇಕಾ?

ತೊಗರಿನಾಡು_ಎಡಿಟರ್

ನಡೆಯುತ್ತದೆ. 50 ಹರ್ಟ್ಸ್ ಕರೆಂಟಿನಲ್ಲಿ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/50 ಶಟರ್ ತೆರೆದಾಗ ಸರಿಯಾಗಿ ಎರಡು ಮಿನುಗು, 1/100ಕ್ಕೆ ಸರಿಯಾಗಿ ಒಂದು. ಪ್ರತಿ ಫ್ರೇಮಿಗೂ ಅಷ್ಟೇ ಬೆಳಕು ಬೀಳುವುದರಿಂದ ಫ್ರೇಮ್ ರೇಟ್ 30 ಇದ್ದರೂ ಪಟ್ಟಿ ಬರುವುದಿಲ್ಲ. ಆದರೂ ಮೊಬೈಲ್ ಆ್ಯಪ್‌ನಲ್ಲಿ 25 ಇದ್ದರೆ 25ರಲ್ಲೇ ತೆಗಿ. ಈ ಇಡೀ ಚರ್ಚೆಯ ಅರ್ಧ ತಾಪತ್ರಯ ಅಲ್ಲೇ ಮುಗಿಯುತ್ತದೆ.

ರೈಚೂರ್_ಕಡೆಯವ

ಕಣ್ಣಳತೆ ನನಗ ನಂಬಿಕಿ ಇಲ್ಲ ಸರ್. ಎಕ್ಸ್‌ಪೋರ್ಟ್ ಆದ ಮ್ಯಾಗ ಫ್ರೇಮ್ ಹಾರಿದ್ದು ಖಚಿತ ತಿಳಿಯೋ ದಾರಿ ಅದೇನು?

ತೊಗರಿನಾಡು_ಎಡಿಟರ್

ಅಂಕಿ ಓಡುವ ಪರೀಕ್ಷಾ ಕ್ಲಿಪ್ ಮಾಡಿಕೊಳ್ಳಿ:

```
ffmpeg -f lavfi -i testsrc=size=1280x720:rate=30:duration=20:decimals=2 -pix_fmt yuv420p test30.mp4
```

ಪರದೆಯ ಮೇಲೆ ಸೆಕೆಂಡಿನ ನೂರನೇ ಭಾಗದ ಎಣಿಕೆ ಬರುತ್ತದೆ: 0, 3, 6, 10, 13, 16, 20, ಹೀಗೆ. ಇದನ್ನು 25ರ ಟೈಮ್‌ಲೈನ್‌ಗೆ ಹಾಗೇ ಹಾಕಿ ಎಕ್ಸ್‌ಪೋರ್ಟ್ ಮಾಡಿ, ಫ್ರೇಮ್ ಫ್ರೇಮ್ ನಡೆಸಿದರೆ ಆರರಲ್ಲಿ ಒಂದು ಅಂಕಿ ಕಾಣೆ. ಯಾವುದು ಕಾಣೆ ಅನ್ನೋದು ಸಾಫ್ಟ್‌ವೇರ್ ಮೇಲೆ ಹೋಗುತ್ತದೆ. 25 ಅಂತ ಓದಿಸಿ ಎಕ್ಸ್‌ಪೋರ್ಟ್ ಮಾಡಿದರೆ ಒಂದೂ ಬಿಡದೆ ಬರಬೇಕು. ಎರಡು ಅಂಕಿ ಒಂದರ ಮೇಲೊಂದು ಮಸುಕಾಗಿ ಕಂಡರೆ ಎಲ್ಲೋ `Frame Blend` ಉಳಿದಿದೆ. ಎಕ್ಸ್‌ಪೋರ್ಟ್ ಪುಟದ ಫ್ರೇಮ್ ರೇಟ್ ಟೈಮ್‌ಲೈನ್‌ನದೇ ಇದೆಯಾ ಅಂತಲೂ ಇದರಿಂದಲೇ ಗೊತ್ತಾಗುತ್ತದೆ. ಅಲ್ಲಿ 30 ಉಳಿದಿದ್ದರೆ ಐದಕ್ಕೊಂದು ಅಂಕಿ ಎರಡು ಸಲ ಬರುತ್ತದೆ.

ಬಿದ್ರಿ_ಬೆಳಕು

ಟಿವಿ 50ರಲ್ಲಿ ಹಾಕಿ ನೋಡಿದೆ. ನಡುಕ ಮುಕ್ಕಾಲು ಪಾಲು ಹೋಯ್ತು. ಉಳಿದದ್ದು ಆ 1/1000 ಶಟರಿನದೇ ಇರಬೇಕು. ಎರಡು ಪ್ಯಾನ್ ಮತ್ತೆ ಸಂಜೆ ಬೆಳಕಿನಾಗ 25ರಲ್ಲಿ, 1/50ಕ್ಕ ತೆಗೀತೀನಿ.

ಒಂದು ಶಾಟ್ ಉಳೀತು. ಬೆಳ್ಳಿ ತಂತಿ ಗೆರೆಯೊಳಗ ಕೂರೋ ಕ್ಷಣ, 41.71ಕ್ಕೂ ಬೇಗ ಮುಗೀತದ. ಅದರ ಅರ್ಧ ವೇಗ ಬೇಕು.

ತೊಗರಿನಾಡು_ಎಡಿಟರ್

20.85% ಕೊಟ್ಟು `Nearest` ಇಟ್ಟರೆ ಪ್ರತಿ ಫ್ರೇಮ್ ಸರಿಯಾಗಿ ಎರಡೆರಡು ಸಲ ನಿಲ್ಲುತ್ತದೆ. ಸಮ ಇರುತ್ತದೆ, ಆದರೆ ಸೆಕೆಂಡಿಗೆ 12.5 ಹೊಸ ಚಿತ್ರ ಮಾತ್ರ. ಕೈ ಮೆಲ್ಲಗೆ ಚಲಿಸುವ ಕ್ಲೋಸಪ್ ಆದರೆ ಸಹಿಸಬಹುದು.

ಹುಮನಾಬಾದ್_ಗಗನ

ಇಲ್ಲಿ ಆಪ್ಟಿಕಲ್ ಫ್ಲೋನೇ ಹಾಕಬೇಕ್ರಿ. ಪ್ರತಿ ಎರಡು ಅಸಲು ಫ್ರೇಮಿನ ನಡುವ ಒಂದೇ ಒಂದು ಹೊಸದು ಹುಟ್ಟಿಸಬೇಕು, ಅಷ್ಟಕ್ಕ ಅದು ಎಡವಂಗಿಲ್ಲ.

ತೊಗರಿನಾಡು_ಎಡಿಟರ್

ತಂತಿ ಹೊಳೆಯುವಾಗ ಎಡವುತ್ತದೆ ಅನ್ನೋದು ನನ್ನ ಅಂಜಿಕೆ. ಎರಡೂ ಮಾಡಿ 3 ಸೆಕೆಂಡಿನ ತುಣುಕು ಇಲ್ಲಿ ಹಾಕಿ ಬಿದ್ರಿ ಅವರೇ, ತಂತಿಯ ತುದಿ ಕಾಣುವ ಹಾಗೆ.

ಬಿದ್ರಿ_ಬೆಳಕು

ರಾತ್ರಿ ರೆಂಡರ್‌ಗೆ ಇಟ್ಟು ನಾಳೆ ಹಾಕ್ತೀನ್ರಿ.